ಮುಟ್ಟಿನ ನೋವಿನ ಮಾತ್ರೆ: ನುಂಗುವ ಹೊತ್ತೇ ಮುಖ್ಯ

ಹತ್ತೊಂಬತ್ತು ವರ್ಷದ ವಿದ್ಯಾರ್ಥಿನಿಯೊಬ್ಬಳನ್ನು ಊಹಿಸಿಕೊಳ್ಳಿ. ಬೆಳಗ್ಗೆ ಆರಕ್ಕೆ ಮುಟ್ಟು ಶುರುವಾಗುತ್ತದೆ, ಜೊತೆಗೆ ಕಿಬ್ಬೊಟ್ಟೆ ಹಿಂಡತೊಡಗುತ್ತದೆ. ಮಾತ್ರೆ ಒಳ್ಳೆಯದಲ್ಲವೆಂದು ಹಲ್ಲು ಕಚ್ಚಿ ಸಹಿಸುತ್ತಾಳೆ. ಹತ್ತರ ಹೊತ್ತಿಗೆ ತಾಳಲಾಗದೆ ಖಾಲಿ ಹೊಟ್ಟೆಯಲ್ಲಿ ಒಂದು ನುಂಗುತ್ತಾಳೆ. ಅದು ವಾಂತಿಯಾಗುತ್ತದೆ. ‘ನನಗೆ ಮಾತ್ರೆ ಹಿಡಿಸುವುದಿಲ್ಲ’ ಎಂದು ತೀರ್ಮಾನಿಸುತ್ತಾಳೆ.

ತಪ್ಪಿದ್ದು ಮಾತ್ರೆಯಲ್ಲ, ಹೊತ್ತಿನಲ್ಲಿ. ಋತುಚಕ್ರದ ಕೊನೆಗೆ ಪ್ರೊಜೆಸ್ಟರಾನ್ ಹಾರ್ಮೋನು ಇಳಿದಾಗ ಗರ್ಭಕೋಶದ ಒಳಪದರ ಕಳಚತೊಡಗುತ್ತದೆ, ಆಗ ಅದರ ಜೀವಕೋಶಗಳು ಪ್ರೊಸ್ಟಗ್ಲಾಂಡಿನ್ ಎಂಬ ರಾಸಾಯನಿಕವನ್ನು ತಯಾರಿಸುತ್ತವೆ. ಅದು ಗರ್ಭಕೋಶದ ಸ್ನಾಯುವನ್ನು ಬಿಗಿಯಾಗಿ ಹಿಂಡಿಸುತ್ತದೆ. ಹಿಂಡಿದಾಗ ರಕ್ತನಾಳಗಳೂ ಅದುಮಿಹೋಗಿ ಸ್ನಾಯುವಿಗೆ ಆಮ್ಲಜನಕ ಸಾಲದಾಗುತ್ತದೆ. ನೋವು ಹುಟ್ಟುವುದು ಅಲ್ಲೇ. ಇದೇ ವಸ್ತು ರಕ್ತಕ್ಕೆ ಸೇರಿ ಕರುಳನ್ನೂ ಕೆರಳಿಸುವುದರಿಂದ ವಾಕರಿಕೆ, ಭೇದಿ ಬರುತ್ತವೆ.

ಐಬುಪ್ರೊಫೆನ್, ಮೆಫೆನಾಮಿಕ್ ಆಸಿಡ್‌ನಂಥ ಮಾತ್ರೆಗಳು ಪ್ರೊಸ್ಟಗ್ಲಾಂಡಿನ್ ತಯಾರಾಗುವುದನ್ನು ತಡೆಯುತ್ತವೆ. ಈಗಾಗಲೇ ತಯಾರಾಗಿರುವುದನ್ನು ಅಳಿಸುವುದಿಲ್ಲ. ಹಾಗಾಗಿ ಆ ಹುಡುಗಿ ಆರು ಗಂಟೆಗೇ ಎರಡು ಬಿಸ್ಕತ್ತೋ ಬಾಳೆಹಣ್ಣೋ ತಿಂದು 400 ಮಿಲಿಗ್ರಾಂ ಐಬುಪ್ರೊಫೆನ್ ನುಂಗಬೇಕಿತ್ತು. ಆಮೇಲೆ ನೋವು ಮರಳುವವರೆಗೆ ಕಾಯದೆ, ಊಟದ ನಂತರ ಎಂಟು ಗಂಟೆಗೊಮ್ಮೆ. ದಿನಕ್ಕೆ 1200 ಮಿಲಿಗ್ರಾಂ ಮೀರಬಾರದು, ಎರಡು ಮೂರು ದಿನ ಸಾಕು. ಪರಿಣಾಮ ಹೆಚ್ಚಲೆಂದು ಈ ಬಗೆಯ ಎರಡು ಬೇರೆ ಬೇರೆ ಮಾತ್ರೆಗಳನ್ನು ಒಟ್ಟಿಗೆ ನುಂಗುವುದು ಬೇಡವೇ ಬೇಡ.

ಹೊಟ್ಟೆಹುಣ್ಣು, ಮೂತ್ರಪಿಂಡದ ತೊಂದರೆ, ನೋವಿನ ಮಾತ್ರೆಯಿಂದ ಕೆರಳುವ ಆಸ್ತಮಾ ಇರುವವರು, ರಕ್ತ ತೆಳುವಾಗಿಸುವ ಔಷಧಿ ತೆಗೆದುಕೊಳ್ಳುವವರು, ಗರ್ಭಿಣಿಯಿರಬಹುದೆಂಬ ಅನುಮಾನವಿರುವವರು ವೈದ್ಯರನ್ನು ಕೇಳದೆ ಇವನ್ನು ಮುಟ್ಟಬಾರದು. ಡೆಂಗಿ ಶಂಕೆಯ ಜ್ವರದಲ್ಲೂ ಬೇಡ, ರಕ್ತಸ್ರಾವದ ಅಪಾಯವಿದೆ. ಮೆಫೆನಾಮಿಕ್ ಆಸಿಡ್‌ನಿಂದ ಅಪರೂಪಕ್ಕೆ ತೀವ್ರ ಅಲರ್ಜಿ ಆಗಬಹುದೆಂದು ಭಾರತೀಯ ಔಷಧಕೋಶ ಆಯೋಗ 2023ರಲ್ಲಿ ಎಚ್ಚರಿಸಿದೆ. ಮಾತ್ರೆ ಶುರುಮಾಡಿದ ಕೆಲವು ವಾರಗಳೊಳಗೆ ಜ್ವರದೊಂದಿಗೆ ಮೈಮೇಲೆ ದದ್ದು ಎದ್ದರೆ ನಿಲ್ಲಿಸಿ ವೈದ್ಯರಿಗೆ ತೋರಿಸಿ.

ಮಾತ್ರೆ ಆಗದವರಿಗೆ, ಆಗುವವರಿಗೂ, ಬಿಸಿನೀರಿನ ಚೀಲ ನಿಜವಾದ ಚಿಕಿತ್ಸೆಯೇ. ಬಿಗಿದ ಸ್ನಾಯು ಸಡಿಲಾಗುತ್ತದೆ. ಕುದಿಯುವ ನೀರು ಹಾಕಬೇಡಿ. ಚೀಲದ ಮುಕ್ಕಾಲು ಭಾಗಕ್ಕಿಂತ ಕಡಿಮೆ ತುಂಬಿಸಿ, ಗಾಳಿ ಹಿಂಡಿ ತೆಗೆದು, ಟವಲಿನಲ್ಲಿ ಸುತ್ತಿ ಕಿಬ್ಬೊಟ್ಟೆಯ ಮೇಲೆ ಇಪ್ಪತ್ತು ನಿಮಿಷ ಇಡಿ. ಅದನ್ನಿಟ್ಟುಕೊಂಡೇ ನಿದ್ದೆಹೋದರೆ ಚರ್ಮ ಸುಡಬಹುದು.

ಹೊತ್ತಿಗೆ ಸರಿಯಾಗಿ ಮೂರು ತಿಂಗಳು ತೆಗೆದುಕೊಂಡರೂ ನೋವು ಬಗ್ಗದಿದ್ದರೆ ಕಾರಣ ಬೇರೆಯಿರಬಹುದು. ಮುಟ್ಟಿಗೆ ಹಲವು ದಿನ ಮೊದಲೇ ಶುರುವಾಗುವ, ವರ್ಷದಿಂದ ವರ್ಷಕ್ಕೆ ಏರುವ, ಮಲವಿಸರ್ಜನೆ ಅಥವಾ ಸಂಭೋಗದ ವೇಳೆ ಕಾಡುವ ನೋವು ಎಂಡೊಮೆಟ್ರಿಯೋಸಿಸ್‌ನ, ಅಂದರೆ ಗರ್ಭಕೋಶದ ಒಳಪದರದಂಥ ಅಂಗಾಂಶ ಗರ್ಭಕೋಶದ ಹೊರಗೆ ಬೆಳೆಯುವ ಕಾಯಿಲೆಯ, ಸೂಚನೆಯಾಗಿರಬಹುದು. ಸ್ಕ್ಯಾನಿಂಗ್ ಸರಿಯಾಗಿದೆ ಎಂಬ ಒಂದೇ ಕಾರಣಕ್ಕೆ ಅದನ್ನು ತಳ್ಳಿಹಾಕಲಾಗದು, ಆರಂಭದಲ್ಲಿ ಅದು ಸ್ಕ್ಯಾನಿಂಗ್‌ನಲ್ಲಿ ಕಾಣಿಸದೇ ಇರಬಹುದು.