ಸಣ್ಣ ಚಿತ್ರವನ್ನು ಸಣ್ಣದು ಮಾಡಿದ್ದು ಹೇಗೆ? ಅಪ್‌ಸ್ಕೇಲರ್ ಪರೀಕ್ಷೆಗಳ ಹಿನ್ನೆಲೆ

ಸಣ್ಣ ಚಿತ್ರವನ್ನು ದೊಡ್ಡದು ಮಾಡಿಕೊಡುವ ತಂತ್ರಾಂಶವೇ ಅಪ್‌ಸ್ಕೇಲರ್. ಒಂದೇ ಅಪ್‌ಸ್ಕೇಲರ್ ಒಂದು ಹೋಲಿಕೆಯಲ್ಲಿ ಮೊದಲ ಸ್ಥಾನ ಪಡೆದು, ಮತ್ತೊಂದರಲ್ಲಿ ಕೊನೆಗೆ ಬೀಳುವುದು ಅಪರೂಪವಲ್ಲ. ಎರಡೂ ಹೋಲಿಕೆ ಮಾಡಿದವರು ಪ್ರಾಮಾಣಿಕವಾಗಿಯೇ ಅಳೆದಿರುತ್ತಾರೆ. ವ್ಯತ್ಯಾಸ ಹೆಚ್ಚಾಗಿ ಅಪ್‌ಸ್ಕೇಲರ್‌ನಲ್ಲಿ ಇರುವುದಿಲ್ಲ, ಪರೀಕ್ಷೆಗೆ ಆರಿಸಿದ ಚಿತ್ರಗಳಲ್ಲಿ ಇರುತ್ತದೆ. ಅದರಲ್ಲೂ ಮುಖ್ಯವಾಗಿ, ಆ ಚಿತ್ರಗಳನ್ನು ಯಾವ ವಿಧಾನದಿಂದ ಚಿಕ್ಕದು ಮಾಡಲಾಗಿತ್ತು ಎಂಬುದರಲ್ಲಿ.

ಈ ಕ್ಷೇತ್ರ ಬಹುಕಾಲ ನೆಚ್ಚಿಕೊಂಡಿದ್ದು ಪರೀಕ್ಷಾ ಚಿತ್ರಗಳ ಬಹಳ ಸಣ್ಣ ಸೆಟ್‌ಗಳನ್ನು. 2012ರ ಸೆಟ್5 ಎಂಬುದರಲ್ಲಿ ಇರುವುದು ಐದೇ ಚಿತ್ರ: ಮಗು, ಹಕ್ಕಿ, ಚಿಟ್ಟೆ, ತಲೆ, ಮಹಿಳೆ. ಚಿಟ್ಟೆಯ ಚಿತ್ರ 256×256 ಪಿಕ್ಸೆಲ್. ನಾಲ್ಕು ಪಟ್ಟು ಕುಗ್ಗಿಸಿದರೆ ಉಳಿಯುವುದು 64×64. ಅದರ ಜೊತೆಗೆ ಬಳಕೆಗೆ ಬಂದ ಸೆಟ್14ರಲ್ಲಿ ಅಕ್ಷರಗಳಿರುವ ಒಂದು ಸ್ಲೈಡ್ ಚಿತ್ರವೂ ಇದೆ. ಆದರೆ ಅಂಕ ಕೊಡುತ್ತಿದ್ದುದು ಹದಿನಾಲ್ಕೂ ಚಿತ್ರಗಳ ಸರಾಸರಿಯಲ್ಲಿ. ಅಕ್ಷರಗಳೆಲ್ಲ ಕಲಸಿಹೋದರೂ ಉಳಿದ ಹದಿಮೂರು ಚಿತ್ರಗಳು ಆ ಸೋಲನ್ನು ಮುಚ್ಚಿಬಿಡುತ್ತಿದ್ದವು. 2015ರಲ್ಲಿ ಬಂದ ಅರ್ಬನ್100 ಕಟ್ಟಡಗಳ ಸಾಲುಸಾಲು ಕಿಟಕಿಗಳನ್ನು, ಗೆರೆಗಳನ್ನು ತಂದಿತು. 2017ರ ಡಿಐವಿ2ಕೆ ಸಾವಿರ ದೊಡ್ಡ ಚಿತ್ರಗಳನ್ನು ಕೊಟ್ಟಿತು: ಅಪ್‌ಸ್ಕೇಲರ್ ಮಾದರಿಗಳ ತರಬೇತಿಗೆ 800, ಪರಿಶೀಲನೆಗೆ 100, ಪರೀಕ್ಷೆಗೆ 100. ಸೆಟ್‌ಗಳು ಬೆಳೆದವು. ಆದರೆ ಸಣ್ಣ ಚಿತ್ರ ತಯಾರಿಸುವ ವಿಧಾನ ಹೆಚ್ಚು ಕಡಿಮೆ ಹಾಗೆಯೇ ಉಳಿಯಿತು.

ಆ ವಿಧಾನ ಇದು: ಒಳ್ಳೆಯ ದೊಡ್ಡ ಚಿತ್ರ ತೆಗೆದುಕೊಂಡು, ಸುತ್ತಲಿನ ಪಿಕ್ಸೆಲ್‌ಗಳಿಂದ ಹೊಸ ಪಿಕ್ಸೆಲ್‌ನ ಮೌಲ್ಯ ತೆಗೆಯುವ ಬೈಕ್ಯೂಬಿಕ್ ಲೆಕ್ಕದಿಂದ ಕುಗ್ಗಿಸುವುದು, ಅಪ್‌ಸ್ಕೇಲರ್‌ನಿಂದ ಮತ್ತೆ ಹಿಗ್ಗಿಸುವುದು, ಬಂದದ್ದನ್ನು ಮೂಲದೊಂದಿಗೆ ಪಿಕ್ಸೆಲ್‌ಗೆ ಪಿಕ್ಸೆಲ್ ಹೋಲಿಸುವುದು. ಕೇಳಲು ಸರಳ. ಆದರೆ ‘ಬೈಕ್ಯೂಬಿಕ್’ ಎಂಬ ಒಂದೇ ಹೆಸರಿನಡಿ ಬೇರೆಬೇರೆ ಲೆಕ್ಕಗಳಿವೆ. ಮ್ಯಾಟ್‌ಲ್ಯಾಬ್ ಮತ್ತು ಪಿಲ್ಲೋ ಎಂಬ ತಂತ್ರಾಂಶಗಳು ಕುಗ್ಗಿಸುವಾಗ ಮೊದಲು ಅಕ್ಕಪಕ್ಕದ ಪಿಕ್ಸೆಲ್‌ಗಳನ್ನು ಸಾಕಷ್ಟು ಬೆರೆಸಿಕೊಳ್ಳುತ್ತವೆ. ಓಪನ್‌ಸಿವಿಯ ಬೈಕ್ಯೂಬಿಕ್ ಹಾಗೆ ಮಾಡುವುದಿಲ್ಲ. ಆದ್ದರಿಂದ ಅದರಲ್ಲಿ ಬೇಲಿ, ಬಟ್ಟೆಯ ನೇಯ್ಗೆಯಂಥ ಸೂಕ್ಷ್ಮ ಗೆರೆಗಳ ಜಾಗದಲ್ಲಿ ಇಲ್ಲದ ಪಟ್ಟೆಗಳು ಮೂಡುತ್ತವೆ. ಇನ್ನು ಕೆಲವರು ಪ್ರತಿ ನಾಲ್ಕನೆಯ ಪಿಕ್ಸೆಲ್ ಮಾತ್ರ ಉಳಿಸಿಕೊಂಡು ಬಿಡುತ್ತಾರೆ.

```python
a = hr[::4, ::4]
b = cv2.resize(hr, (w//4, h//4), interpolation=cv2.INTER_CUBIC)
c = np.array(Image.fromarray(hr).resize((w//4, h//4), Image.BICUBIC))
```

ಇಲ್ಲಿ hr ಎಂದರೆ ಮೂಲ ಚಿತ್ರ, w ಮತ್ತು h ಅದರ ಅಗಲ ಮತ್ತು ಎತ್ತರ. ಆ ಎರಡೂ ನಾಲ್ಕರಿಂದ ಸಮವಾಗಿ ಭಾಗವಾಗುವಂತಿದ್ದರೆ ಈ ಮೂರೂ ಸಾಲು ಕೊಡುವ ಚಿತ್ರದ ಅಳತೆ ಒಂದೇ, ಚಿತ್ರ ಮಾತ್ರ ಬೇರೆ. ಮೊದಲನೆಯದರಲ್ಲಿ ಇನ್ನೊಂದು ತೊಂದರೆಯೂ ಅಡಗಿದೆ. ನಾಲ್ಕು ಪಿಕ್ಸೆಲ್‌ಗಳ ಗುಂಪಿನ ನಡು ಇರುವುದು 0ನೇ ಸ್ಥಾನದಲ್ಲಲ್ಲ, 1.5ರಲ್ಲಿ. ಗುಂಪಿನ ನಡುವನ್ನೇ ಆಧಾರವಾಗಿ ಹಿಡಿಯುವ ಅಪ್‌ಸ್ಕೇಲರ್‌ಗೆ ಈ ಚಿತ್ರ ಕೊಟ್ಟರೆ ಫಲಿತಾಂಶ ಮೂಲಕ್ಕಿಂತ ಒಂದೂವರೆ ಪಿಕ್ಸೆಲ್ ಪಕ್ಕಕ್ಕೂ ಕೆಳಕ್ಕೂ ಸರಿದಿರುತ್ತದೆ. ಕಣ್ಣಿಗೆ ಅದು ಕಾಣುವುದೇ ಇಲ್ಲ. ಪಿಕ್ಸೆಲ್ ಲೆಕ್ಕದಲ್ಲಿ ಮಾತ್ರ ಪ್ರತಿ ಅಂಚೂ ತಪ್ಪೆಂದು ದಾಖಲಾಗಿ ಅಂಕ ನೆಲಕಚ್ಚುತ್ತದೆ. ಇದನ್ನು ಪತ್ತೆ ಹಚ್ಚುವ ದಾರಿ ಸುಲಭ: ಫಲಿತಾಂಶವನ್ನು ಒಂದೆರಡು ಪಿಕ್ಸೆಲ್ ಅತ್ತಿತ್ತ ಸರಿಸಿ ಮತ್ತೆ ಅಳೆಯಬೇಕು. ಸರಿಸಿದಾಗ ಅಂಕ ಜಿಗಿದರೆ ದೋಷ ಅಪ್‌ಸ್ಕೇಲರ್‌ನದ್ದಲ್ಲ, ಜೋಡಣೆಯದ್ದು.

ಅಂಕ ಎಂದರೆ ಇಲ್ಲಿ ಪಿಎಸ್‌ಎನ್‌ಆರ್, ಅಂದರೆ ಪಿಕ್ಸೆಲ್‌ನ ಗರಿಷ್ಠ ಮೌಲ್ಯಕ್ಕೆ ಹೋಲಿಸಿ ದೋಷ ಎಷ್ಟು ಕಡಿಮೆ ಎಂದು ಹೇಳುವ ಅಳತೆ. ಡೆಸಿಬೆಲ್‌ನಲ್ಲಿ ಹೇಳುತ್ತಾರೆ, ಹೆಚ್ಚಿದ್ದಷ್ಟೂ ಮೂಲಕ್ಕೆ ಹತ್ತಿರ. ಹಲವು ಪ್ರಬಂಧಗಳಲ್ಲಿ ಒಂದು ವಿಧಾನ ಇನ್ನೊಂದನ್ನು ಹಿಂದಿಕ್ಕಿದ್ದು ಡೆಸಿಬೆಲ್‌ನ ಹತ್ತನೇ ಒಂದೆರಡು ಪಾಲಿನಲ್ಲಿ. ಅಳೆಯುವ ಪದ್ಧತಿಯೊಂದೇ ಅದಕ್ಕಿಂತ ದೊಡ್ಡ ವ್ಯತ್ಯಾಸ ಉಂಟುಮಾಡಬಲ್ಲದು. ಬಣ್ಣ ಬಿಟ್ಟು ಹೊಳಪಿನ ವಾಹಿನಿಯನ್ನು ಮಾತ್ರ ಅಳೆಯುವ ರೂಢಿಯಲ್ಲಿ ಹೊಳಪು 0–255ರ ಬದಲು 16–235ರೊಳಗೆ ಇರುತ್ತದೆ. ಗರಿಷ್ಠ ಮೌಲ್ಯವನ್ನು ಮಾತ್ರ 255 ಎಂದೇ ಇಟ್ಟುಕೊಳ್ಳುತ್ತಾರೆ. ಹಾಗಾಗಿ ದೋಷ 219/255ರಷ್ಟು ಕುಗ್ಗಿ, ಚಿತ್ರ ಒಂದಿಷ್ಟೂ ಸುಧಾರಿಸದೆ ಅಂಕ 1.3 ಡೆಸಿಬೆಲ್ ಏರುತ್ತದೆ. ಬೇರೆಯವರ ಕೋಷ್ಟಕದಿಂದ ಸಂಖ್ಯೆ ಎತ್ತಿಕೊಂಡು ನಮ್ಮ ಸಂಖ್ಯೆಯ ಪಕ್ಕ ಇಡಬಾರದು ಎನ್ನುವುದು ಇದಕ್ಕೇ. ಹೋಲಿಸಬೇಕಾದ ಎಲ್ಲ ಅಪ್‌ಸ್ಕೇಲರ್‌ಗಳನ್ನೂ ಒಂದೇ ಯಂತ್ರದಲ್ಲಿ, ಒಂದೇ ಅಳತೆಗೋಲಿನಿಂದ ನಾವೇ ಅಳೆಯಬೇಕು.

ಬೈಕ್ಯೂಬಿಕ್ ಪರೀಕ್ಷೆಯ ಮಿತಿ ಬಯಲಾದದ್ದು ಜನ ತಮ್ಮ ಸ್ವಂತ ಫೋಟೊಗಳನ್ನು ಹಿಗ್ಗಿಸತೊಡಗಿದಾಗ. ನಿಜವಾದ ಸಣ್ಣ ಚಿತ್ರದಲ್ಲಿ ಲೆನ್ಸಿನ ಮಸುಕು, ಸೆನ್ಸರ್‌ನ ನಾಯ್ಸ್, ಜೆಪೆಗ್‌ನ ಚೌಕಗಳು ಎಲ್ಲವೂ ಕೂಡಿರುತ್ತವೆ. ಶುದ್ಧ ಬೈಕ್ಯೂಬಿಕ್ ಚಿತ್ರಗಳಲ್ಲಷ್ಟೇ ಪಳಗಿದ ಮಾದರಿ ಆ ಚೌಕಗಳನ್ನೂ ವಿವರವೆಂದು ಭಾವಿಸಿ ಚೂಪುಗೊಳಿಸಿತು. 2019ರ ರಿಯಲ್‌ಎಸ್ಆರ್ ಸೆಟ್ ಒಂದೇ ದೃಶ್ಯವನ್ನು ಬೇರೆಬೇರೆ ಫೋಕಲ್ ಲೆಂತ್‌ಗಳಲ್ಲಿ, ಅಂದರೆ ಜೂಮ್ ಬದಲಿಸಿ, ಕ್ಯಾಮೆರಾದಿಂದಲೇ ಸೆರೆಹಿಡಿದು ನಿಜವಾದ ಜೋಡಿಗಳನ್ನು ಕೊಟ್ಟಿತು. 2021ರ ಬಿಎಸ್ಆರ್‌ಗ್ಯಾನ್ ಮತ್ತು ರಿಯಲ್-ಇಎಸ್ಆರ್‌ಗ್ಯಾನ್ ಎಂಬ ಅಪ್‌ಸ್ಕೇಲರ್‌ಗಳು ಮಸುಕು, ನಾಯ್ಸ್, ಜೆಪೆಗ್‌ಗಳನ್ನು ಬೇಕೆಂದೇ ಬೆರೆಸಿದ ಚಿತ್ರಗಳಲ್ಲಿ ತರಬೇತಿ ಪಡೆದವು. ಇವು ಶುದ್ಧ ಬೈಕ್ಯೂಬಿಕ್ ಪರೀಕ್ಷೆಯಲ್ಲಿ ಹಿಂದೆ ಬೀಳುತ್ತವೆ, ಹಾಳಾದ ಫೋಟೊಗಳಲ್ಲಿ ಮುಂದೆ ಬರುತ್ತವೆ. ಯಾವುದು ಉತ್ತಮ ಎಂಬ ಪ್ರಶ್ನೆಗೆ ಒಂದೇ ಉತ್ತರ ಇಲ್ಲದಿರುವುದು ಇಲ್ಲಿಯೇ. ಆದ್ದರಿಂದ ನ್ಯಾಯವಾದ ಸೆಟ್‌ನಲ್ಲಿ ಒಂದೇ ಮೂಲ ಚಿತ್ರದ ಕನಿಷ್ಠ ಮೂರು ಸಣ್ಣ ರೂಪಗಳಿರಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ: ಶುದ್ಧವಾಗಿ ಕುಗ್ಗಿಸಿದ್ದು, ಮಸುಕಿನ ಜೊತೆ ಕುಗ್ಗಿಸಿದ್ದು, ಕುಗ್ಗಿಸಿ ಜೆಪೆಗ್ ಮಾಡಿದ್ದು. ಮೂರರ ಅಂಕಗಳನ್ನು ಬೇರೆಬೇರೆಯಾಗಿಯೇ ಹೇಳಬೇಕು.

ಮೂಲ ಚಿತ್ರವೂ ಶುದ್ಧವಾಗಿರಬೇಕು. ದೊಡ್ಡ ಕ್ಯಾಮೆರಾ ಫೋಟೊವನ್ನೂ ಮೊದಲು ಅರ್ಧಕ್ಕೆ ಕುಗ್ಗಿಸಿ ಅದನ್ನೇ ‘ಮೂಲ’ ಎಂದು ಹಿಡಿಯುವುದು ಒಳ್ಳೆಯದು. ಸೆನ್ಸರ್‌ನ ನಾಯ್ಸ್ ಅಲ್ಲೇ ಸಾಕಷ್ಟು ಕಡಿಮೆಯಾಗುತ್ತದೆ. ಹಾಗೆ ಮಾಡದಿದ್ದರೆ ನಾಯ್ಸ್ ಇಲ್ಲದ ಚಿತ್ರ ಕೊಟ್ಟ ಅಪ್‌ಸ್ಕೇಲರ್‌ಗೇ ದಂಡ ಬೀಳುತ್ತದೆ. ಇನ್ನು ಫೋಟೊಗಳು ಹೊಸದಾಗಿ ತೆಗೆದವೇ ಆಗಿರಬೇಕು. ಎಲ್ಲರಿಗೂ ಸಿಗುವ ಸೆಟ್‌ಗಳು ಯಾವ ಮಾದರಿಯ ತರಬೇತಿಯೊಳಗೆ ಸೇರಿಹೋಗಿವೆ ಎಂದು ಹೊರಗಿನಿಂದ ತಿಳಿಯಲಾಗದು.

ಎಲೆ, ಮುಖ, ಅಕ್ಷರ ಎಂಬ ಕಷ್ಟದ ಮೂರು ಬಗೆಗಳಲ್ಲಿ ಎಲೆಗಳನ್ನು ಮೊದಲು ನೋಡೋಣ, ಪಿಎಸ್‌ಎನ್‌ಆರ್ ಏಕೆ ದಾರಿ ತಪ್ಪಿಸುತ್ತದೆ ಎಂಬುದು ಅಲ್ಲಿ ಸ್ಪಷ್ಟ. ದೂರದ ಮರದ ಒಂದು ಪಿಕ್ಸೆಲ್‌ನಲ್ಲಿ ಕಪ್ಪು ನೆರಳು (0) ಇರಬಹುದು ಅಥವಾ ಬೆಳಗಿದ ಎಲೆ (200) ಇರಬಹುದು, ಎರಡಕ್ಕೂ ಸಮಾನ ಸಾಧ್ಯತೆ ಎಂದಿಟ್ಟುಕೊಳ್ಳಿ. ಒಂದು ಅಪ್‌ಸ್ಕೇಲರ್ ಯಾವಾಗಲೂ 100 ಎಂಬ ಬೂದು ಮೌಲ್ಯ ಕೊಡುತ್ತದೆ. ಅದರ ದೋಷದ ವರ್ಗ ಪ್ರತಿ ಸಲವೂ 10,000. ಇನ್ನೊಂದು ಸ್ಪಷ್ಟವಾಗಿ 0 ಅಥವಾ 200 ಎಂದು ಊಹಿಸುತ್ತದೆ; ಅರ್ಧ ಸಲ ಸರಿ, ಅರ್ಧ ಸಲ ದೋಷದ ವರ್ಗ 40,000. ಸರಾಸರಿ 20,000. ಮರದಂತೆ ಕಾಣುವ ಚಿತ್ರ ಕೊಟ್ಟದ್ದು ಎರಡನೆಯದು, 3 ಡೆಸಿಬೆಲ್ ಹೆಚ್ಚು ಅಂಕ ಪಡೆದದ್ದು ಮಸುಕಿನ ಮೊದಲನೆಯದು. ಪಿಕ್ಸೆಲ್ ನಿಖರತೆ ಮತ್ತು ಕಣ್ಣಿಗೆ ನಿಜವೆನಿಸುವ ಗುಣ, ಇವೆರಡನ್ನೂ ಒಂದು ಮಿತಿಯಾಚೆ ಒಟ್ಟಿಗೆ ಹೆಚ್ಚಿಸಲಾಗದು ಎಂದು 2018ರಲ್ಲಿ ಸಂಶೋಧಕರಾದ ಬ್ಲೌ ಮತ್ತು ಮೈಕೇಲಿ ಗಣಿತದಿಂದಲೇ ತೋರಿಸಿದರು.

ಹಾಗಾಗಿ ಎಲೆಗಳ ಚಿತ್ರಗಳನ್ನು ಸಣ್ಣ ರೂಪದಲ್ಲಿ ಒಂದು ಎಲೆ ಎಷ್ಟು ಅಗಲ ಇದೆ ಎಂಬುದರ ಮೇಲೆ ವಿಂಗಡಿಸಬೇಕು. ಎಲೆ ಎಂಟು ಪಿಕ್ಸೆಲ್ ಅಗಲ ಇದ್ದರೆ ಅದರ ಅಂಚಿಗೆ ಸರಿಯಾದ ಉತ್ತರ ಇದೆ, ಮೂಲದೊಂದಿಗೆ ಹೋಲಿಸಬಹುದು. ಒಂದು ಪಿಕ್ಸೆಲ್‌ಗಿಂತ ಕಡಿಮೆ ಇದ್ದರೆ ಸರಿಯಾದ ಉತ್ತರ ಎಂಬುದೇ ಇಲ್ಲ. ಅಲ್ಲಿ ಯಾವ ಅಪ್‌ಸ್ಕೇಲರ್‌ನದು ಎಂದು ಹೇಳದೆ ಜೋಡಿಜೋಡಿಯಾಗಿ ತೋರಿಸಿ, ಯಾವುದು ಎಲೆಗಳಂತಿದೆ ಎಂದು ಕೇಳಬೇಕು. ಕುಂಚದಿಂದ ಎಳೆದಂಥ ಗೆರೆಗಳು, ಕೂದಲಿನಂತಾದ ಹುಲ್ಲು, ಮತ್ತೆ ಮತ್ತೆ ಬರುವ ಒಂದೇ ವಿನ್ಯಾಸ ಇಲ್ಲಿನ ಸಾಮಾನ್ಯ ದೋಷಗಳು.

ಮುಖಗಳಲ್ಲಿ ಅಪಾಯ ಬೇರೆ. 2020ರ ಪಲ್ಸ್ ಎಂಬ ವಿಧಾನ 16×16 ಪಿಕ್ಸೆಲ್‌ನ ಮುಖವನ್ನು 1024×1024ಕ್ಕೆ ಹಿಗ್ಗಿಸಬಲ್ಲುದಾಗಿತ್ತು. ಕುಗ್ಗಿಸಿದಾಗ ಅದೇ ಸಣ್ಣ ಚಿತ್ರವಾಗುವಂಥ ಮುಖವೊಂದನ್ನು ಹುಡುಕಿಕೊಡುವುದು ಅದರ ಕೆಲಸ. ಬರಾಕ್ ಒಬಾಮ ಅವರ ಮಸುಕು ಚಿತ್ರ ಕೊಟ್ಟಾಗ ಅದು ಒಬ್ಬ ಬಿಳಿಯ ವ್ಯಕ್ತಿಯ ಮುಖ ಕೊಟ್ಟದ್ದು ಆ ವರ್ಷ ದೊಡ್ಡ ಚರ್ಚೆಯಾಯಿತು. ಪರೀಕ್ಷೆ ಕಟ್ಟುವವರಿಗೆ ಇದರಲ್ಲಿ ನೇರವಾದ ಎಚ್ಚರಿಕೆ ಇದೆ. ಫಲಿತಾಂಶವನ್ನು ಮತ್ತೆ ಕುಗ್ಗಿಸಿ ನೋಡುವ ತಪಾಸಣೆಯಲ್ಲಿ ಬೇರೆಯವರ ಮುಖವೂ ಪಾಸಾಗುತ್ತದೆ. ಅದು ಸೊಗಸಾಗಿದೆಯೇ ಎಂದು ಕೇಳಿದರಂತೂ ಇನ್ನೂ ಸುಲಭವಾಗಿ ಪಾಸಾಗುತ್ತದೆ. ಕೇಳಬೇಕಾದದ್ದು ಇವರು ಅದೇ ವ್ಯಕ್ತಿಯೇ ಎಂದು. ಫಲಿತಾಂಶದ ಪಕ್ಕ ಹೋಲಿಕೆಯುಳ್ಳ ನಾಲ್ವರ ಫೋಟೊ ಇಡಿ, ಅವುಗಳಲ್ಲೊಂದು ಅದೇ ವ್ಯಕ್ತಿಯ ಬೇರೊಂದು ಫೋಟೊ ಆಗಿರಲಿ. ನೋಡುವವರು ಅದನ್ನು ಗುರುತಿಸಬೇಕು. ಮುಖಗಳನ್ನು ಎರಡು ಕಣ್ಣುಗಳ ನಡುವಿನ ದೂರದಿಂದ ವಿಂಗಡಿಸಬೇಕು: ಸಣ್ಣ ಚಿತ್ರದಲ್ಲಿ ಸುಮಾರು 40, 20, 10 ಪಿಕ್ಸೆಲ್. ಬೇರೆಬೇರೆ ಮೈಬಣ್ಣ, ವಯಸ್ಸು, ಕನ್ನಡಕ, ಪಕ್ಕಕ್ಕೆ ತಿರುಗಿದ ಮುಖ, ಗುಂಪಿನ ಹಿಂದಿನ ಸಾಲಿನ ಮುಖ ಎಲ್ಲವೂ ಇರಲಿ. ಪ್ರಸಿದ್ಧರ ಚಿತ್ರಗಳು ಬೇಡ, ಅವು ತರಬೇತಿಯಲ್ಲಿ ಇದ್ದಿರಬಹುದು. ಫೋಟೊದಲ್ಲಿರುವವರ ಒಪ್ಪಿಗೆ ಕಡ್ಡಾಯ.

ಅಕ್ಷರಗಳಲ್ಲಿ ಸರಿ-ತಪ್ಪು ಅತಿ ಸ್ಪಷ್ಟ, ಹಾಗಾಗಿ ನನಗೆ ಈ ಭಾಗ ಎಲ್ಲಕ್ಕಿಂತ ಅಮೂಲ್ಯ. ಕನ್ನಡವನ್ನೇ ನೋಡಿ: ದ ಮತ್ತು ಧ, ಪ ಮತ್ತು ಫ, ಡ ಮತ್ತು ಢ ಬೇರೆಯಾಗುವುದು ಕೆಳಗಿನ ಒಂದು ಪುಟ್ಟ ಸೀಳಿನಿಂದ. ಮೂಲದಲ್ಲಿ 40 ಪಿಕ್ಸೆಲ್ ಎತ್ತರದ ಅಕ್ಷರದಲ್ಲಿ ಆ ಸೀಳು ನಾಲ್ಕು ಪಿಕ್ಸೆಲ್ ಅಗಲ ಇದ್ದರೆ ನಾಲ್ಕು ಪಟ್ಟು ಕುಗ್ಗಿದಾಗ ಉಳಿಯುವುದು ಒಂದೇ ಪಿಕ್ಸೆಲ್, ಅದೂ ಮಸುಕಾಗಿ. ಇತರ ಲಿಪಿಗಳಲ್ಲಷ್ಟೇ ಪಳಗಿದ ಅಪ್‌ಸ್ಕೇಲರ್ ಅದನ್ನು ಕಲೆ ಎಂದು ಅಳಿಸಬಹುದು, ಅಥವಾ ಇಲ್ಲದ ಕಡೆ ಗೆರೆ ಎಳೆಯಬಹುದು. ಅದಕ್ಕೇ ಒಂದಕ್ಕಿಂತ ಹೆಚ್ಚು ಲಿಪಿ ಬೇಕು. ಸಣ್ಣ ಚಿತ್ರದಲ್ಲಿ ಅಕ್ಷರದ ಎತ್ತರ 16, 10, 6 ಪಿಕ್ಸೆಲ್ ಹೀಗೆ ಹಂತಗಳಿರಲಿ. ಪರಿಚಿತ ವಾಕ್ಯಗಳನ್ನು ಬಳಸಿದರೆ ಓದುಗರು ಕಾಣದ್ದನ್ನೂ ಊಹಿಸಿ ತುಂಬಿಕೊಳ್ಳುತ್ತಾರೆ; ಆದ್ದರಿಂದ ಅರ್ಥವಿಲ್ಲದ ಅಕ್ಷರ-ಅಂಕಿಗಳ ಸಾಲುಗಳೂ ಬೇಕು. ಮೂಲ ನೋಡದವರಿಂದ ಓದಿಸಿ ಬರೆಸಬೇಕು. ಒಬ್ಬ ಓದುಗ ಒಂದು ಸಾಲನ್ನು ಒಂದು ಅಪ್‌ಸ್ಕೇಲರ್‌ನ ಫಲಿತಾಂಶದಲ್ಲಿ ಮಾತ್ರ ನೋಡಬೇಕು, ಇಲ್ಲದಿದ್ದರೆ ಎರಡನೆಯ ಸಲ ನೆನಪೇ ಓದಿಬಿಡುತ್ತದೆ.

ತಪ್ಪುಗಳನ್ನು ಎರಡಾಗಿ ಎಣಿಸಬೇಕು: ಓದಲಾಗದ ಅಕ್ಷರ ಒಂದು ಕಡೆ, ಸ್ಪಷ್ಟವಾಗಿ ಕಂಡರೂ ತಪ್ಪಾದ ಅಕ್ಷರ ಇನ್ನೊಂದು ಕಡೆ. ಮಸುಕಾದ 8 ನೋಡಿದವರಿಗೆ ತಮಗೆ ಗೊತ್ತಾಗಲಿಲ್ಲ ಎಂಬುದು ಗೊತ್ತಿರುತ್ತದೆ. 8 ಇದ್ದಲ್ಲಿ ಚೂಪಾದ 3 ಬಂದರೆ ಯಾರಿಗೂ ಅನುಮಾನವೇ ಬರುವುದಿಲ್ಲ. ಎರಡನೆಯ ಬಗೆಗೆ ನಾನು ಹೆಚ್ಚು ಭಾರ ಕೊಡುತ್ತೇನೆ.

ಇವೆಲ್ಲದರ ಜೊತೆ ಪ್ರತಿ ಪಂದ್ಯದಲ್ಲೂ ಇಬ್ಬರು ಹೆಚ್ಚುವರಿ ಸ್ಪರ್ಧಿಗಳಿರಬೇಕು: ಒಂದು ಸಾದಾ ಬೈಕ್ಯೂಬಿಕ್, ಇನ್ನೊಂದು ಮೂಲ ಚಿತ್ರವೇ. ಸಣ್ಣ ರೂಪದಲ್ಲಿ 6 ಪಿಕ್ಸೆಲ್ ಆಗುವ ಅಕ್ಷರಗಳನ್ನು ಮೂಲದಲ್ಲೇ ಓದುಗರು ತಪ್ಪಾಗಿ ಓದಿದರೆ ಆ ಚಿತ್ರ ಸೆಟ್‌ನಿಂದ ಹೊರಗೆ. ದೊಡ್ಡದಾಗಿ ತೋರಿಸುವ ತುಣುಕುಗಳನ್ನು ಯಾವ ಫಲಿತಾಂಶವನ್ನೂ ನೋಡುವ ಮೊದಲೇ ಗುರುತಿಸಿ ಬರೆದಿಡಬೇಕು; ನೋಡಿದ ಮೇಲೆ ಆರಿಸಿದರೆ ನಮಗೆ ಇಷ್ಟವಾದದ್ದು ಗೆಲ್ಲುವ ತುಣುಕೇ ಕೈಗೆ ಬರುತ್ತದೆ. ನಾಲ್ಕು ಅಪ್‌ಸ್ಕೇಲರ್‌ಗಳೆಂದರೆ ಪ್ರತಿ ಚಿತ್ರಕ್ಕೆ ಆರು ಜೋಡಿ. ಬಗೆಗೆ ಇಪ್ಪತ್ತರಂತೆ 60 ಚಿತ್ರ ಇಟ್ಟರೆ ಸಾದಾ ಬೈಕ್ಯೂಬಿಕ್ ಮತ್ತು ಮೂಲವನ್ನು ಬಿಟ್ಟೇ 360 ಜೋಡಿಗಳಾಗುತ್ತವೆ, ಅದೂ ಒಂದು ರೂಪಕ್ಕೆ. ಹಲವರು ಹಂಚಿಕೊಂಡರೆ ಮುಗಿಯುವ ಕೆಲಸ. ಸಂಖ್ಯೆ ಹೆಚ್ಚಿಸುವ ಮುನ್ನ ಹಂತಗಳು ಸರಿಯಾಗಿ ತುಂಬಿವೆಯೇ ಎಂದು ನೋಡಿಕೊಳ್ಳುವುದು ಮೇಲು. ಸೆಟ್ ಪ್ರಕಟಿಸುವಾಗ ಅರ್ಧ ಚಿತ್ರಗಳನ್ನು ಮಾತ್ರ ಹೊರಗೆ ಬಿಟ್ಟು, ಉಳಿದರ್ಧವನ್ನು ಮುಂದಿನ ಹೋಲಿಕೆಗೆ ತೆಗೆದಿಡಬೇಕು. ಎರಡು ಅರ್ಧಗಳ ಅಂಕಗಳ ನಡುವೆ ಒಂದು ಅಪ್‌ಸ್ಕೇಲರ್‌ಗೆ ಮಾತ್ರ ದೊಡ್ಡ ಅಂತರ ಕಂಡರೆ, ಹೊರಬಿಟ್ಟ ಅರ್ಧ ಅದರ ತರಬೇತಿಯೊಳಗೆ ಸೇರಿಕೊಂಡಿರುವ ಸಂಭವವೇ ಹೆಚ್ಚು.