ಪುಣೆಯ ಲಷ್ಕರ್: ಗಾಳಿಗೆ ಹೆದರಿ ಕಟ್ಟಿದ ಊರು

ಬೆಂಗಳೂರಿನವರು ‘ದಂಡು’ ಎನ್ನುವುದನ್ನು ಪುಣೆಯವರು ‘ಲಷ್ಕರ್’ ಅಥವಾ ‘ಕ್ಯಾಂಪ್’ ಎನ್ನುತ್ತಾರೆ. ಪೇಠೆಗಳ ಇಕ್ಕಟ್ಟಿನ ಓಣಿಗಳಿಂದ ಪೂರ್ವಕ್ಕೆ ಬಂದು ಈ ಭಾಗ ಹೊಕ್ಕರೆ ರಸ್ತೆಗಳು ನೇರವಾಗುತ್ತವೆ, ಮನೆಗಳು ದೂರ ಸರಿಯುತ್ತವೆ. ಇದಕ್ಕೆ ಮೊದಲ ಕಾರಣ ಯುದ್ಧ. 1817ರ ನವೆಂಬರ್ 5ರಂದು ಖಡಕಿಯಲ್ಲಿ ಪೇಶ್ವೆಯ ಸೈನ್ಯ ಸೋತಿತು. ಗೆದ್ದ ಬ್ರಿಟಿಷರಿಗೆ ಪಟ್ಟಣದ ಮೇಲೆ ಕಣ್ಣಿಡಬೇಕಿತ್ತು, ಆದರೆ ಓಣಿಗಳೊಳಗೆ ಸಿಕ್ಕಿಬೀಳಬಾರದಿತ್ತು. ಹಾಗಾಗಿ ದಂಡು ಊರ ಹೊರಗೇ ನೆಲೆ ನಿಂತಿತು.

ಎರಡನೆಯ ಕಾರಣ ರೋಗ. ಭಾರತದಲ್ಲಿದ್ದ ಬ್ರಿಟಿಷ್ ಸಿಪಾಯಿಗಳಲ್ಲಿ ವರ್ಷಕ್ಕೆ ಸಾವಿರಕ್ಕೆ ಸುಮಾರು 69 ಮಂದಿ ಸಾಯುತ್ತಿದ್ದರೆಂದು 1863ರ ರಾಯಲ್ ಕಮಿಷನ್ ವರದಿ ಲೆಕ್ಕ ಕೊಟ್ಟಿತು. ಬಹುಪಾಲು ಸಾವು ಜ್ವರ, ಆಮಶಂಕೆ, ಕಾಲರಾಗಳಿಂದ, ಗುಂಡೇಟಿನಿಂದಲ್ಲ. ಕೊಳೆತ ವಸ್ತುವಿನಿಂದ ಏಳುವ ಕೆಟ್ಟ ಗಾಳಿಯೇ ರೋಗ ತರುತ್ತದೆ ಎಂದು ಆಗಿನ ವೈದ್ಯರಲ್ಲಿ ಹೆಚ್ಚಿನವರು ನಂಬಿದ್ದರು. ದಂಡಿನ ನಕ್ಷೆಯ ಹಿಂದೆ ಈ ನಂಬಿಕೆಯೂ ಇದೆ.

ಬ್ಯಾರಕ್ ಒಂದನ್ನೇ ನೋಡಿ. ಉದಾಹರಣೆಗೆ, 24 ಅಡಿ ಅಗಲದ ಹಾಲ್‌ನಲ್ಲಿ ಎರಡು ಸಾಲು ಮಂಚ ಹಾಕಿ, ಪ್ರತಿ ಮಂಚಕ್ಕೆ ಗೋಡೆಯುದ್ದಕ್ಕೆ ಏಳೂವರೆ ಅಡಿ ಬಿಟ್ಟರೆ ಒಬ್ಬನಿಗೆ 90 ಚದರಡಿ ನೆಲ ಸಿಗುತ್ತದೆ. ಮಾಡು 20 ಅಡಿ ಎತ್ತರವಿದ್ದರೆ 1,800 ಘನ ಅಡಿ ಗಾಳಿ. 24 ಜನಕ್ಕೆ ಹಾಲ್ 90 ಅಡಿ ಉದ್ದ ಬೇಕು. ನೆಲದ ತೇವ ತಾಗದಂತೆ ಎತ್ತರದ ಪಾಯ, ಬಿಸಿಲು ಗೋಡೆಗೆ ಬೀಳದಂತೆ ಸುತ್ತ ವರಾಂಡ, ಬಿಸಿಗಾಳಿ ಹೊರಹೋಗಲು ಮಾಡಿನ ನೆತ್ತಿಯಲ್ಲಿ ಕಿಂಡಿ. ಇಂಥ ಕಟ್ಟಡಗಳನ್ನು ಒಂದರ ಗಾಳಿಗೆ ಇನ್ನೊಂದು ಅಡ್ಡಬರದಂತೆ ದೂರ ದೂರ ಕಟ್ಟಿದಾಗ ಜಾಗ ಎಕರೆಗಟ್ಟಲೆ ಹಿಡಿಯಿತು. ನಡುವೆ ಕವಾಯತು ಮೈದಾನ, ಬೇರೆ ಕಡೆ ಕಾಂಪೌಂಡಿನ ನಡುವೆ ಅಧಿಕಾರಿಗಳ ಬಂಗಲೆಗಳು, ಒಂದು ಅಂಚಿನಲ್ಲಿ ಸದರ ಬಜಾರು.

ವ್ಯವಸ್ಥೆ ಸೋತದ್ದು ಆ ಬಜಾರಿನ ಕಡೆಯಿಂದಲೇ. ದಂಡಿಗೆ ಹಾಲು, ಮಾಂಸ, ತರಕಾರಿ ಬೇಕು. ಅಡುಗೆಯವರು, ಅಗಸರು, ನೀರು ಹೊರುವವರು ಬೇಕು. ಇವರೆಲ್ಲ ಇಕ್ಕಟ್ಟಾಗಿ ಬದುಕುತ್ತಿದ್ದದ್ದು ಬಜಾರಿನಲ್ಲಿ, ಇಲ್ಲವೇ ಬಂಗಲೆಗಳ ಹಿಂದಿನ ಸಾಲುಮನೆಗಳಲ್ಲಿ. ಕಾಲರಾ ಹರಡುವುದು ಮಲ ಸೇರಿದ ನೀರು, ಆಹಾರದಿಂದ. 1,800 ಘನ ಅಡಿ ಗಾಳಿ ಅದನ್ನು ತಡೆಯಲಾರದು. ಗಾಳಿಯ ಲೆಕ್ಕ ಹಿಡಿದರೂ ಪುಣೆಯ ಜಾಗ ಸರಿಯಿರಲಿಲ್ಲ: ಮಳೆಗಾಲದ ಪಡುಗಾಳಿ ಪೇಠೆಗಳನ್ನು ದಾಟಿಯೇ ಕ್ಯಾಂಪಿಗೆ ಬರುತ್ತದೆ.

ಹಾಗೆಂದು ಆ ವಿಶಾಲ ಹಾಲ್‌ಗಳು ವ್ಯರ್ಥವಲ್ಲ. ಕ್ಷಯದಂಥ, ಉಸಿರಿನಿಂದಲೇ ಹರಡುವ ಕಾಯಿಲೆಗಳಿಗೆ ಮಂಚಗಳ ಅಂತರ, ಗಾಳಿಯಾಟ ಎರಡೂ ನಿಜವಾದ ತಡೆ. ಕಾಲರಾಕ್ಕೆ ಬೇಕಿದ್ದದ್ದು ಶುದ್ಧ ನೀರು. 1879ರ ಹೊತ್ತಿಗೆ ಮುಗಿದ ಖಡಕವಾಸಲಾ ಅಣೆಕಟ್ಟಿನ ನೀರನ್ನು ಪಟ್ಟಣ, ಲಷ್ಕರ್ ಎರಡೂ ಹಂಚಿಕೊಂಡವು.