‘ಲಾಗುತ್ತದೆ’ ಕಂಡರೆ ‘ಯಾರು?’ ಅಂತ ಕೇಳಿ

ಶಿವಮೊಗ್ಗದಲ್ಲಿ ಕೂತು ಸಣ್ಣ ವ್ಯಾಪಾರದವರ ಇನ್‌ಸ್ಟಾಗ್ರಾಂ ಕ್ಯಾರೊಸೆಲ್‌ಗಳಿಗೆ, ಅಂದರೆ ಒಂದೊಂದೇ ಸ್ಲೈಡ್ ಸರಿಸಿ ನೋಡುವ ಪೋಸ್ಟ್‌ಗಳಿಗೆ, ಬರಹ ತಿದ್ದಿಕೊಡುವುದು ನನ್ನ ಕೆಲಸ. ಬರುವವರೆಲ್ಲ ಹೇಳುವುದು ಒಂದೇ ಮಾತು: "ಸ್ವಲ್ಪ ಚಿಕ್ಕದು ಮಾಡಿಕೊಡಿ." ತಿದ್ದುವುದು ಅಂದರೆ ಪದ ಕಡಿಮೆ ಮಾಡುವುದು ಅಂತ ಅವರ ಲೆಕ್ಕ. ತಿದ್ದುವುದು ಅಷ್ಟೇ ಅಲ್ಲ ಅಂತ ಬಿಡಿಸಿ ಹೇಳಿ ಹೇಳಿ ನನಗೆ ಸಾಕಾಗಿದೆ. ಆದ್ದರಿಂದ ಒಂದು ಸ್ಲೈಡನ್ನೇ ಮುಂದಿಟ್ಟುಕೊಂಡು ತೋರಿಸುತ್ತೇನೆ.

ರಿಪ್ಪನ್‌ಪೇಟೆ ಕಡೆಯ ಒಬ್ಬ ಅಕ್ಕ ಮನೆಯಲ್ಲೇ ಉಪ್ಪಿನಕಾಯಿ ಹಾಕಿ ಮಾರುತ್ತಾರೆ. ಅವರ ಎರಡನೇ ಸ್ಲೈಡ್ ಹೀಗಿತ್ತು:

"ನಮ್ಮ ಮಲೆನಾಡಿನ ಸಾಂಪ್ರದಾಯಿಕ ಶೈಲಿಯಲ್ಲಿ ತಯಾರಿಸಲಾದ ಅಪ್ಪೆಮಿಡಿ ಉಪ್ಪಿನಕಾಯಿಯು ಅತ್ಯಂತ ರುಚಿಕರವಾಗಿದ್ದು, ಉತ್ತಮ ಗುಣಮಟ್ಟದ ಮಿಡಿಗಳನ್ನು ಮಾತ್ರ ಎಚ್ಚರಿಕೆಯಿಂದ ಆಯ್ಕೆ ಮಾಡಲಾಗುತ್ತದೆ. ಹಾಗೆಯೇ ಯಾವುದೇ ರೀತಿಯ ರಾಸಾಯನಿಕಗಳನ್ನು ಬಳಸಲಾಗುವುದಿಲ್ಲ ಎಂಬುದನ್ನು ತಿಳಿಸಲು ಸಂತೋಷಪಡುತ್ತೇವೆ. ಸಂಪೂರ್ಣವಾಗಿ ನೈಸರ್ಗಿಕ ಹಾಗೂ ಶುದ್ಧವಾಗಿದ್ದು, ಮನೆಯಲ್ಲೇ ಮಾಡಿದ ರುಚಿಯನ್ನು ನೀಡುತ್ತದೆ."

ಒಟ್ಟು 32 ಪದ. ಅತ್ಯಂತ, ಹಾಗೆಯೇ, ಯಾವುದೇ ರೀತಿಯ, ಸಂಪೂರ್ಣವಾಗಿ, ‘ಎಂಬುದನ್ನು ತಿಳಿಸಲು ಸಂತೋಷಪಡುತ್ತೇವೆ’, ಈ 8 ಪದ ಸುಮ್ನೆ ಜಾಗ ತಿನ್ನುತ್ತಿವೆ. ತೆಗೆದರೂ ಅರ್ಥ ಅಲ್ಲಾಡುವುದಿಲ್ಲ. ಇನ್ನು ರಾಸಾಯನಿಕ ಇಲ್ಲ, ನೈಸರ್ಗಿಕ, ಶುದ್ಧ, ಮೂರೂ ಒಂದೇ ಮಾತು. ‘ಸಾಂಪ್ರದಾಯಿಕ’ ಮತ್ತು ‘ಮನೆಯಲ್ಲೇ ಮಾಡಿದ’ ಕೂಡ ಹೆಚ್ಚುಕಮ್ಮಿ ಹಾಗೇ. ಇವನ್ನೆಲ್ಲ ಅಕ್ಕನೇ ಗುರುತಿಸಿ, ಅಳಿಸಿ, ಮರುದಿನ ಹೀಗೆ ಕಳಿಸಿದರು: "ಸಾಂಪ್ರದಾಯಿಕ ರುಚಿಯ ಅಪ್ಪೆಮಿಡಿ ಉಪ್ಪಿನಕಾಯಿ. ಶುದ್ಧ, ನೈಸರ್ಗಿಕ."

ಚಿಕ್ಕದಾಯಿತು, ನಿಜ. ಆದರೆ ಈ ಸಾಲನ್ನು ಯಾವ ಅಂಗಡಿಯ ಬಾಟಲಿಗೆ ಅಂಟಿಸಿದರೂ ನಡೆಯುತ್ತದೆ, ಅಲ್ವಾ?

ಅದಕ್ಕೇ ನಾನು ಪದ ಕತ್ತರಿಸುವುದಕ್ಕೆ ಮೊದಲೇ ‘ಲಾಗು’ ಹುಡುಕುತ್ತೇನೆ. ಈ ಸ್ಲೈಡಿನಲ್ಲಿ ಮೂರಿವೆ: ತಯಾರಿಸಲಾದ, ಆಯ್ಕೆ ಮಾಡಲಾಗುತ್ತದೆ, ಬಳಸಲಾಗುವುದಿಲ್ಲ. ಕಚೇರಿ ಪತ್ರ, ನೋಟಿಸು ಓದಿ ಓದಿ ನಮಗೆ ಇದೇ ಮರ್ಯಾದೆಯ ಬರವಣಿಗೆ ಅನ್ನಿಸಿಬಿಟ್ಟಿದೆ. ಆದರೆ ಈ ರೂಪದಲ್ಲಿ ಕೆಲಸ ಮಾಡಿದವರೇ ಕಾಣುವುದಿಲ್ಲ. ಮಾಡಿದವರು ಮರೆಯಾದರೆ ಅವರು ಹೇಗೆ ಮಾಡಿದರು ಅನ್ನುವುದೂ ಅವರ ಜೊತೆಗೇ ಹೋಗುತ್ತದೆ, ಆ ಖಾಲಿ ಜಾಗ ತುಂಬುವುದಕ್ಕೇ ‘ಎಚ್ಚರಿಕೆಯಿಂದ’, ‘ಉತ್ತಮ ಗುಣಮಟ್ಟದ’ ಅಂತೆಲ್ಲ ಬಂದು ಕೂರುತ್ತವೆ.

ಅಕ್ಕನಿಗೆ ಫೋನ್ ಮಾಡಿ ಕೇಳಿದೆ: "ಮಿಡಿ ಆಯ್ಕೆ ಮಾಡೋದು ಯಾರು?"

"ನಮ್ಮ ಮೈದುನ. ಮರ ಹತ್ತಿ ತೊಟ್ಟು ಸಮೇತ ಕೊಯ್ದು, ಚೀಲದಲ್ಲಿ ಹಗ್ಗ ಕಟ್ಟಿ ಇಳಿಸ್ತಾನೆ. ಉದುರಿಸಿದ್ರೆ ಪೆಟ್ಟು ಬಿದ್ದು ಕೊಳೆಯುತ್ತೆ. ತೊಟ್ಟು ಮುರಿದ್ರೆ ಸೊನೆ ಹೋಗುತ್ತೆ. ಸೊನೆ ಹೋದ್ಮೇಲೆ ಅಪ್ಪೆಮಿಡಿಲಿ ಏನಿದೆ ಹೇಳಿ?"

ಇಷ್ಟು ಚೆನ್ನಾಗಿ ಮಾತಾಡುವವರು ಬರೆಯುವಾಗ ಯಾಕೆ ಹೀಗೆ ಮಾಡುತ್ತಾರೋ! ನಾನು ಬರೆದುಕೊಟ್ಟದ್ದು ಅವರ ಮಾತನ್ನೇ:

"ಅಪ್ಪೆಮಿಡಿಯನ್ನು ಮರ ಹತ್ತಿ, ತೊಟ್ಟು ಸಮೇತ ಕೊಯ್ಯುತ್ತೇವೆ.
ನೆಲಕ್ಕೆ ಬಿದ್ದ ಮಿಡಿ ಹಾಕುವುದಿಲ್ಲ.
ಉಪ್ಪು, ಮೆಣಸಿನಕಾಯಿ, ಸಾಸಿವೆ, ಅರಿಶಿನ. ಬೇರೇನೂ ಇಲ್ಲ."

16 ಪದ, ಸರಿಯಾಗಿ ಅರ್ಧ. ‘ರಾಸಾಯನಿಕ ಬಳಸುವುದಿಲ್ಲ’ ಅನ್ನುವ ಮಾತು ಸಾಮಗ್ರಿಯ ಪಟ್ಟಿಯೊಳಗೇ ಬಂತು. ನನ್ನ ಮೊದಲ ಕರಡಿನಲ್ಲಿ ಅರಿಶಿನ ಇರಲಿಲ್ಲ, "ಅರಿಶಿನ ಹಾಕ್ತೀವಲ್ಲ" ಅಂತ ಅಕ್ಕ ತಿದ್ದಿದರು. ‘ಬೇರೇನೂ ಇಲ್ಲ’ ಅಂತ ಬರೆದ ಮೇಲೆ ಒಂದು ಚಿಟಿಕೆ ಬಿಟ್ಟುಹೋದರೂ ಅದು ಸುಳ್ಳೇ. ಹಾಗಾಗಿ ತಿದ್ದಿದ ಸ್ಲೈಡನ್ನು ಮಾಡುವವರಿಗೆ ಓದಿ ಕೇಳಿಸದೆ ನಾನು ಬಿಡುವುದಿಲ್ಲ.

ಎಲ್ಲ ‘ಲಾಗು’ ತಪ್ಪು ಅಂತ ಹೇಳುತ್ತಿಲ್ಲ. "ಅಪ್ಪೆಮಿಡಿಗೆ ಜಿಐ ಟ್ಯಾಗ್ ನೀಡಲಾಗಿದೆ" ಅಂದರೆ ಸಾಕು, ಕೊಟ್ಟವರು ಯಾರು ಅನ್ನುವುದು ಕೊಳ್ಳುವವರಿಗೆ ಬೇಕಿಲ್ಲ. ಒಂದೇ ಮಾತು ಎರಡು ಸಲ ಬರುವುದೂ ಕೆಲವು ಕಡೆ ಬೇಕು. ಮೊದಲ ಸ್ಲೈಡ್ ನೋಡಿ ಮುಂದೆ ಹೋದವರಿಗೆ ಇನ್‌ಸ್ಟಾಗ್ರಾಂ ಕೆಲವೊಮ್ಮೆ ಅದೇ ಪೋಸ್ಟನ್ನು ಎರಡನೇ ಸ್ಲೈಡಿನಿಂದ ತೋರಿಸುತ್ತದೆ. ಅದಕ್ಕೇ ‘ಅಪ್ಪೆಮಿಡಿ’ ಮೊದಲನೆಯದರಲ್ಲಿದ್ದರೂ ಇಲ್ಲಿ ಮತ್ತೆ ಇಟ್ಟೆ.

ಕೊನೇ ಸ್ಲೈಡಿನಲ್ಲಿ ಇನ್ನೊಂದಿತ್ತು: "ಆರ್ಡರ್‌ಗಳನ್ನು ಫೋನ್ ಮೂಲಕ ಸ್ವೀಕರಿಸಲಾಗುತ್ತದೆ." ಯಾರು ಎತ್ತುತ್ತೀರಿ ಅಂತ ಕೇಳಿದೆ. "ನಾನೇ, ಮಧ್ಯಾಹ್ನ ಊಟ ಮುಗಿದ್ಮೇಲೆ" ಅಂದರು. ಈಗ ಅಲ್ಲಿ "ಮಧ್ಯಾಹ್ನ 2ರ ಮೇಲೆ ಫೋನ್ ಮಾಡಿ, ನಾನೇ ಎತ್ತುತ್ತೇನೆ" ಅಂತಿದೆ.